ಅಜ್ಜಿಯ ಸುಣ್ಣದ ತಿಳಿ: ಉಸಿರು ಊದಿದರೆ ಹಾಲಾಗುವ, ಮತ್ತೂ ಊದಿದರೆ ತಿಳಿಯಾಗುವ ನೀರು

ನಮ್ಮ ಅಜ್ಜಿಯ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದ ರಜೆಯಲ್ಲಿ ಹೊರಗೆ ಹೋಗೋ ಹಾಗಿರಲಿಲ್ಲ. ನಾವು ನಾಲ್ಕು ಮಕ್ಕಳು ಜಗಲಿಯಲ್ಲಿ ಗಲಾಟೆ ಮಾಡುತ್ತಿದ್ದರೆ ಅಜ್ಜಿ ಎಲೆ ತಟ್ಟೆ ಪಕ್ಕಕ್ಕಿಟ್ಟು ಒಳಗಿಂದ ಒಂದು ಬಾಟಲಿ ತರುತ್ತಿದ್ದಳು. ಅದರಲ್ಲಿ ಎಲೆಗೆ ಹಚ್ಚುವ ಸುಣ್ಣ ಕದಡಿ ಇಟ್ಟ ನೀರು. ತಳದಲ್ಲಿ ಬೆಳ್ಳನೆ ಗಸಿ, ಮೇಲೆ ಕನ್ನಡಿಯಂಥ ತಿಳಿ. ಆ ತಿಳಿಯನ್ನು ಗಾಜಿನ ಲೋಟಕ್ಕೆ ಹಾಕಿ, ವಾಟೆಯ ತುಂಡೊಂದನ್ನು ಕೈಗೆ ಕೊಟ್ಟು ಹೇಳುತ್ತಿದ್ದಳು: "ಊದು ಮಗಾ. ಎಳೀಬೇಡ, ಊದು."

ಎರಡು ಉಸಿರಿಗೆ ನೀರು ಮಬ್ಬಾಗುತ್ತಿತ್ತು, ಇನ್ನೊಂದಕ್ಕೆ ಹಾಲಿನ ಹಾಗೆ. ನಾವು ಕಿರುಚಿ ಎದ್ದರೆ ಅಜ್ಜಿ ಬಿಡುತ್ತಿರಲಿಲ್ಲ. "ಮುಗೀಲಿಲ್ಲ ಮಾರಾಯ, ಊದ್ತಾ ಇರು." ಒಬ್ಬನಿಗೆ ಸುಸ್ತಾದರೆ ಇನ್ನೊಬ್ಬ ತನ್ನ ವಾಟೆ ಹಿಡಿದು ಕೂರುತ್ತಿದ್ದ. ಬಹಳ ಹೊತ್ತಾದ ಮೇಲೆ ಆ ಹಾಲು ತೆಳ್ಳಗಾಗುತ್ತಾ ಬಂದು, ಕೊನೆಗೆ ಲೋಟದ ಆಚೆ ಹಿಡಿದ ಅಜ್ಜಿಯ ಬೆರಳು ಕಾಣುತ್ತಿತ್ತು. ಬೆಳ್ಳಗೆ ಮಾಡಿದ್ದು ಉಸಿರು, ಆ ಬಿಳುಪನ್ನು ಕರಗಿಸಿದ್ದೂ ಅದೇ ಉಸಿರು.

ನನ್ನ ಮಗಳಿಗೆ ಒಂಬತ್ತು ವರ್ಷವಾದಾಗ ಬೆಂಗಳೂರಿನ ಮನೆಯಲ್ಲಿ ಇದನ್ನೇ ತೋರಿಸಲು ಹೊರಟೆ. ಎರಡು ಸಲ ಕೆಟ್ಟಿತು, ಮೂರನೇ ಸಲ ಆಯಿತು. ಬೆಳ್ಳಗಾಗುವುದು ಸುಲಭ. ಮತ್ತೆ ತಿಳಿಯಾಗುವುದಕ್ಕೆ ಒಂದು ಅಳತೆ ಇದೆ, ಅದು ತಪ್ಪಿದರೆ ದಿನವಿಡೀ ಊದಿದರೂ ಆಗುವುದಿಲ್ಲ. ಆ ಅಳತೆಯನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಸುಣ್ಣ

ಬೀಡಾ ಅಂಗಡಿಯಲ್ಲಿ ಸಿಗುವ ಎಲೆ ಸುಣ್ಣ ಸಾಕು. ಬಿಳಿ ಬಣ್ಣದ್ದೇ ತೆಗೆದುಕೊಳ್ಳಿ. ಗುಲಾಬಿ ಬಣ್ಣದ್ದು, ಪರಿಮಳ ಸೇರಿಸಿದ್ದು ಬೇಡ. ಡಬ್ಬಿ ಹಳೆಯದಾಗಿದ್ದರೆ ಮೇಲೆ ಒಣಗಿದ ಚಕ್ಕೆ ಕಟ್ಟಿರುತ್ತದೆ. ಗಾಳಿ ತಾಗಿ ಸತ್ತ ಸುಣ್ಣ ಅದು, ಕೆರೆದು ಬಿಸಾಡಿ. ಒಳಗಿನ ಬೆಣ್ಣೆಯಂಥ ಭಾಗ ಬಹುಪಾಲು ಚೆನ್ನಾಗಿಯೇ ಇರುತ್ತದೆ.

ಸುಣ್ಣ ಜೀವಂತ ಇದೆಯೋ ಇಲ್ಲವೋ ಅಂತ ನೋಡಲು ಅಜ್ಜಿಯ ದಾರಿಯೇ ಚೆಂದ. ಆರತಿ ನೀರು ಮಾಡುವಾಗ ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ ಅಲ್ವಾ? ಅದೇ ಇಲ್ಲೂ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ. ತಕ್ಷಣ ಕೆಂಪಾದರೆ ಸುಣ್ಣ ಸರಿ ಇದೆ. ಹಳದಿಯಾಗೇ ಉಳಿದರೆ ಬೇರೆ ಡಬ್ಬಿ ತನ್ನಿ.

ಗೋಡೆಗೆ ಹೊಡೆಯಲು ತರುವ ಸುಟ್ಟ ಸುಣ್ಣದ ಹರಳನ್ನು ಮಾತ್ರ ಮಕ್ಕಳ ಮುಂದೆ ಮುಟ್ಟಬೇಡಿ. ನೀರು ಬಿದ್ದರೆ ಅದು ಕುದಿದು ಸಿಡಿಯುತ್ತದೆ. ಎಲೆ ಸುಣ್ಣ ಆಗಲೇ ನೀರು ಕುಡಿದು ತಣ್ಣಗಾದದ್ದು, ಅದು ಹಾಗೆ ಸಿಡಿಯುವುದಿಲ್ಲ. ಆದರೂ ಕಣ್ಣಿಗೆ ಇದೂ ಅಪಾಯವೇ. ಗಸಿಯಾಗಲಿ ತಿಳಿಯಾಗಲಿ ಕಣ್ಣಿಗೆ ಹಾರಿದರೆ ನಲ್ಲಿ ಕೆಳಗೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆಯಿರಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಊದುವ ಮಗುವಿಗೆ ಕನ್ನಡಕ ಹಾಕಿಸಿ, ಈಜುವಾಗ ಹಾಕುವುದಾದರೂ ಪರವಾಗಿಲ್ಲ.

ತಿಳಿ ಮಾಡುವುದು

ಒಂದು ಲೀಟರಿನ ಬಾಟಲಿಗೆ ಒಂದು ಟೀ ಚಮಚ ಸುಣ್ಣ ಹಾಕಿ, ಕುತ್ತಿಗೆವರೆಗೆ ತಣ್ಣೀರು ತುಂಬಿ, ಮುಚ್ಚಳ ಬಿಗಿದು ಎರಡು ನಿಮಿಷ ಚೆನ್ನಾಗಿ ಕುಲುಕಿ. ಆಮೇಲೆ ಒಂದು ರಾತ್ರಿ ಅಲುಗಾಡಿಸದೆ ಇಡಿ. ಕುತ್ತಿಗೆವರೆಗೆ ತುಂಬಿ ಅಂದದ್ದಕ್ಕೆ ಕಾರಣವಿದೆ. ಬಾಟಲಿಯಲ್ಲಿ ಗಾಳಿ ಜಾಸ್ತಿ ಇದ್ದರೆ ಆ ಗಾಳಿಯೇ ನಿಧಾನವಾಗಿ ಸುಣ್ಣವನ್ನು ತಿನ್ನುತ್ತದೆ.

ಎರಡು ಚಮಚ ಹಾಕಿದರೆ ತಿಳಿ ಇನ್ನೂ ಗಟ್ಟಿಯಾಗುತ್ತದಾ? ಇಲ್ಲ. ನಮ್ಮ ಮನೆಯ ತಣ್ಣೀರು ಲೀಟರಿಗೆ ಸುಮಾರು 1.7 ಗ್ರಾಂ ಸುಣ್ಣವನ್ನಷ್ಟೇ ಕರಗಿಸಿಕೊಳ್ಳುತ್ತದೆ. ಮಿಕ್ಕಿದ್ದು ಗಸಿ. ಬಿಸಿ ಮಾಡಿದರೆ ಜಾಸ್ತಿ ಕರಗೀತು ಅಂತಲೂ ಅಂದುಕೊಳ್ಳಬೇಡಿ. ಉಪ್ಪು ಸಕ್ಕರೆಯ ಹಾಗಲ್ಲ ಸುಣ್ಣ, ನೀರು ಬಿಸಿಯಾದಷ್ಟೂ ಅದು ಕರಗುವುದು ಕಡಿಮೆ.

ಬೆಳಿಗ್ಗೆ ಬಾಟಲಿಯನ್ನು ಅಲುಗಿಸದೆ ತಿಳಿಯನ್ನು ಮೆಲ್ಲಗೆ ಇನ್ನೊಂದು ಬಾಟಲಿಗೆ ಬಗ್ಗಿಸಿ. ಮೇಲೆ ತೆಳು ಕೆನೆ ಕಟ್ಟಿದ್ದರೆ ಮೊದಲ ಅರ್ಧ ಲೋಟ ಚೆಲ್ಲಿಬಿಡಿ. ಗಸಿಯ ಒಂದೆರಡು ಕಣ ಬಂದರೂ ಆಟ ಕೆಡುತ್ತದೆ. ನೀವು ಊದುತ್ತಿದ್ದ ಹಾಗೆ ಆ ಕಣಗಳು ಹೊಸದಾಗಿ ಸುಣ್ಣ ಬಿಟ್ಟುಕೊಡುತ್ತಾ ಇರುತ್ತವೆ. ಅನುಮಾನ ಬಂದರೆ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸಿದ ತಕ್ಷಣ ಮುಚ್ಚಳ ಹಾಕಿ. ಬಾಟಲಿಯ ಮೇಲೆ "ಸುಣ್ಣದ ನೀರು, ಕುಡಿಯಬಾರದು" ಅಂತ ದೊಡ್ಡದಾಗಿ ಬರೆಯಿರಿ. ನೋಡಲು ಇದು ಕುಡಿಯುವ ನೀರಿನ ಹಾಗೇ ಇರುತ್ತದೆ.

ನಾನು ಕೆಡಿಸಿದ ಎರಡು ಸಲ

ಮೊದಲ ಸಲ ಬೋರ್‌ವೆಲ್ ನೀರು ಬಳಸಿದೆ. ತಿಳಿಯನ್ನು ತೆಳು ಮಾಡೋಣ ಅಂತ ಅದೇ ನೀರು ಸೇರಿಸಿದೆ. ಮಗಳು ಸ್ಟ್ರಾ ಬಾಯಿಗಿಡುವ ಮೊದಲೇ ಲೋಟ ಬೆಳ್ಳಗಾಯಿತು. "ಅಪ್ಪಾ, ನಾನು ಊದೇ ಇಲ್ಲ" ಅಂದಳು. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಸುಣ್ಣ ಸಿಕ್ಕ ಕೂಡಲೇ ಸೀಮೆಸುಣ್ಣದ ಪುಡಿಯಾಗಿ ಹೊರಬರುತ್ತದೆ. ಅದಕ್ಕೇ ಹಾಗಾಯಿತು. ಅಜ್ಜಿ ಅಂಗಳದ ಮಧ್ಯೆ ಕೊಡಪಾನ ಇಟ್ಟು ಹಿಡಿದ ಮಳೆನೀರನ್ನೇ ಬಳಸುತ್ತಿದ್ದಳು. ಅದರಲ್ಲಿ ಗಡಸುತನ ಇರುವುದಿಲ್ಲ. ಮಳೆನೀರು ಇಲ್ಲದಿದ್ದರೆ ಬಟ್ಟಿ ಇಳಿಸಿದ ನೀರು ಕೊಳ್ಳಿ. ಆರ್‌ಒ ನೀರು ಸುಮಾರಾಗಿ ನಡೆಯುತ್ತದೆ, ಆದರೆ ಮೊದಲು ಸ್ವಲ್ಪಕ್ಕೆ ತಿಳಿ ಬೆರೆಸಿ ಮಬ್ಬಾಗುವುದಿಲ್ಲ ಅಂತ ನೋಡಿಕೊಳ್ಳಿ.

ಎರಡನೇ ಸಲ ನೀರು ಸರಿ ಇತ್ತು. ಏನೂ ಬೆರೆಸದ ಗಟ್ಟಿ ತಿಳಿಯಲ್ಲೇ ಊದಿಸಿದೆ. ಎಷ್ಟು ಚೆಂದ ಬೆಳ್ಳಗಾಯಿತು! ಆದರೆ ಆಮೇಲೆ ಅರ್ಧ ಗಂಟೆ ಇಬ್ಬರೂ ಸರದಿಯಲ್ಲಿ ಊದಿದೆವು. ಬಿಳುಪು ಹೋಗಲೇ ಇಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳು ಕೇಳಿದ ಮೊದಲ ಮಾತೇ, "ಎಷ್ಟು ತಿಳಿ ಹಾಕಿದ್ಯೋ? ಅಜ್ಜಿ ಬರೀ ತಿಳೀಲಿ ಊದಿಸ್ತಾ ಇರ್ಲಿಲ್ಲ. ಲೋಟಕ್ಕೆ ಮಳೆನೀರು ಹಾಕಿ, ಮೇಲೆ ಒಂದು ಚಮಚ ತಿಳಿ ಹಾಕೋಳು."

ಮಕ್ಕಳಾಗಿದ್ದಾಗ ನಮ್ಮ ಕಣ್ಣೆಲ್ಲ ವಾಟೆಯ ಮೇಲಿತ್ತು. ಆ ಚಮಚವನ್ನು ನಾನು ನೋಡಿಯೇ ಇರಲಿಲ್ಲ.

ಚಮಚದ ಲೆಕ್ಕ

ಲೋಟದೊಳಗೆ ನಡೆಯುವುದು ಎರಡು ಕೆಲಸ. ಮೊದಲು, ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ ಅಂತಲೇ ಹೇಳಬಹುದು. ನಾವು ಕಾಣುವ ಹಾಲು ಅದೇ. ಸುಣ್ಣವೆಲ್ಲ ಮುಗಿದ ಮೇಲೂ ಊದುತ್ತಾ ಇದ್ದರೆ, ಮತ್ತೆ ಬಂದ ಡೈಆಕ್ಸೈಡ್ ನೀರಿನ ಜೊತೆ ಸೇರಿ ಆ ಪುಡಿಯನ್ನು ಕ್ಯಾಲ್ಸಿಯಂ ಬೈಕಾರ್ಬನೇಟ್ ಮಾಡುತ್ತದೆ. ಇದು ಕರಗುತ್ತದೆ.

```
Ca(OH)2 + CO2 → CaCO3 + H2O
CaCO3 + CO2 + H2O → Ca(HCO3)2
```

ಪಾಠದಲ್ಲಿ ಇಷ್ಟು ಓದಿ ಬಿಟ್ಟರೆ ಎಷ್ಟೇ ಗಟ್ಟಿ ತಿಳಿಯಾದರೂ ಊದುತ್ತಾ ಹೋದರೆ ಕೊನೆಗೆ ಕರಗಲೇಬೇಕು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಎರಡನೇ ಕೆಲಸಕ್ಕೆ ಒಂದು ಮಿತಿ ಇದೆ. ನೀರು ಎಷ್ಟು ಪುಡಿಯನ್ನು ಹೀಗೆ ಕರಗಿಸಿಕೊಳ್ಳಬಲ್ಲದು ಅನ್ನುವುದು ಮೇಲಿರುವ ಗಾಳಿಯಲ್ಲಿ ಡೈಆಕ್ಸೈಡ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ನಾವು ಬಿಡುವ ಉಸಿರಿನಲ್ಲಿ ಅದು ಶೇಕಡಾ 4ರಷ್ಟು. ಅಷ್ಟಕ್ಕೆ ಒಂದು ಲೀಟರ್ ನೀರು ಸುಮಾರು 0.3 ಗ್ರಾಂ ಪುಡಿಯನ್ನು ಹಿಡಿದುಕೊಳ್ಳಬಲ್ಲದು. ಗಟ್ಟಿ ತಿಳಿಯ ಒಂದು ಲೀಟರಿನಿಂದ ಬರುವ ಪುಡಿಯೋ, ಸುಮಾರು 2.3 ಗ್ರಾಂ. ಎಂಟು ಪಟ್ಟು ಜಾಸ್ತಿ! ಹೇಗೆ ಕರಗೀತು?

ಈಗ ಒಂದು ಪಾಲು ತಿಳಿಗೆ ಒಂಬತ್ತು ಪಾಲು ನೀರು ಸೇರಿಸಿ. ಪುಡಿ ಲೀಟರಿಗೆ 0.23 ಗ್ರಾಂಗೆ ಇಳಿಯಿತು. ಅದು 0.3ರ ಒಳಗಿದೆ, ಆದ್ದರಿಂದ ಕರಗುತ್ತದೆ. ಅಜ್ಜಿಯ ಒಂದು ಚಮಚ ಮಾಡುತ್ತಿದ್ದದ್ದು ಇದೇ ಲೆಕ್ಕ. ಅವಳಿಗೆ ಗ್ರಾಂ ಗೊತ್ತಿರಲಿಲ್ಲ. ಹೆಚ್ಚು ತಿಳಿ ಹಾಕಿದರೆ ಆಗುವುದಿಲ್ಲ ಅಂತ ಕೈಗೆ ಗೊತ್ತಿತ್ತು.

ಊದುವುದು

ಕಿರಿದಾದ, ಎತ್ತರದ ಗಾಜಿನ ಲೋಟ ತೆಗೆದುಕೊಳ್ಳಿ. ಅದಕ್ಕೆ ಐದು ಎಂ.ಎಲ್. ಚಮಚದಲ್ಲಿ ಒಂಬತ್ತು ಚಮಚ ನೀರು, ಒಂದು ಚಮಚ ತಿಳಿ. ಇಂಥದ್ದೇ ಇನ್ನೊಂದು ಲೋಟ ಮಾಡಿ ಪಕ್ಕದಲ್ಲಿಡಿ. ಅದರಲ್ಲಿ ಯಾರೂ ಊದುವುದು ಬೇಡ, ಹೋಲಿಸಿ ನೋಡಲು ಬೇಕು. ಕಪ್ಪು ಕಾಗದದ ಮೇಲೆ ಬಿಳಿ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದು ಲೋಟದ ಹಿಂದೆ ನಿಲ್ಲಿಸಿ. ಹೀಗೆ ತೆಳು ಮಾಡಿದ ತಿಳಿ ಗಟ್ಟಿ ಹಾಲಿನಷ್ಟು ಬೆಳ್ಳಗಾಗುವುದಿಲ್ಲ, ನೀರು ಬೆರೆಸಿದ ಮಜ್ಜಿಗೆಯ ಹಾಗಿರುತ್ತದೆ. ಗೆರೆ ಇದ್ದರೆ ಯಾವಾಗ ಮರೆಯಾಯಿತು, ಯಾವಾಗ ಮರಳಿತು ಅಂತ ಜಗಳವಿಲ್ಲದೆ ಹೇಳಬಹುದು.

ಸ್ಟ್ರಾದ ಮೇಲ್ತುದಿಯಿಂದ ಎರಡು ಬೆರಳು ಕೆಳಗೆ ಸೂಜಿಯಲ್ಲಿ ಒಂದು ತೂತು ಮಾಡಿ. ಮಗು ಮರೆತು ಎಳೆದರೂ ಆ ತೂತಿನಿಂದ ಗಾಳಿ ಬರುತ್ತದೆ, ಸುಣ್ಣದ ನೀರು ಅಷ್ಟು ಸುಲಭವಾಗಿ ಮೇಲೇರುವುದಿಲ್ಲ. ಬಾಯಿಗೆ ಹೋಯಿತು ಅಂತಿಟ್ಟುಕೊಳ್ಳಿ, ಉಗಿದು, ಬಾಯಿ ಮುಕ್ಕಳಿಸಿ, ಒಂದು ಲೋಟ ನೀರು ಕುಡಿಸಿ. ಒಬ್ಬೊಬ್ಬರಿಗೆ ಒಂದೊಂದು ಸ್ಟ್ರಾ.

ಸ್ಟ್ರಾದ ತುದಿ ತಳಕ್ಕೆ ತಾಗಿರಲಿ. ಉಸಿರು ಎಳೆದು, ಮೂರು ಎಣಿಸುವಷ್ಟು ಹೊತ್ತು ಹಿಡಿದು, ಆಮೇಲೆ ಮೆಲ್ಲಗೆ ಊದಿ. ಹಿಡಿದಷ್ಟೂ ಉಸಿರಿನಲ್ಲಿ ಡೈಆಕ್ಸೈಡ್ ಸ್ವಲ್ಪ ಹೆಚ್ಚುತ್ತದೆ. ಜೋರಾಗಿ ಊದಿದರೆ ಗುಳ್ಳೆಗಳು ದೊಡ್ಡದಾಗಿ ಸುಮ್ನೆ ಮೇಲೆ ಬಂದು ಒಡೆಯುತ್ತವೆ, ನೀರಿಗೆ ಏನೂ ಇಳಿಯುವುದಿಲ್ಲ. ಸಣ್ಣ ಗುಳ್ಳೆ, ನಿಧಾನ ಉಸಿರು. ನಾಲ್ಕೈದು ಉಸಿರಿಗೊಮ್ಮೆ ನಿಲ್ಲಿಸಿ ಮಾಮೂಲಾಗಿ ಉಸಿರಾಡಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಉಬ್ಬಸ ಇರುವವರಿಂದ ಈ ಕೆಲಸ ಮಾಡಿಸಬೇಡಿ.

ಆ ಶನಿವಾರ ಕಂಡದ್ದು

ನಮ್ಮ ಮನೆಯ ಮೂರನೇ ಸಲದ್ದನ್ನು ಹಾಗೇ ಹೇಳುತ್ತೇನೆ. ಮೊದಲ ಉಸಿರು ಮುಗಿಯುವಾಗಲೇ ಸ್ಟ್ರಾದ ಬಾಯಿಯ ಹತ್ತಿರ ತೆಳು ಹೊಗೆಯಂಥದ್ದು ಸುತ್ತಿತು. ಎರಡನೇ ನಿಮಿಷಕ್ಕೆ ಗೆರೆ ಕಾಣದಾಯಿತು. ಆಮೇಲೆ ಬಹಳ ಹೊತ್ತು ಏನೂ ಬದಲಾಗಲಿಲ್ಲ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ. ಮೊದಲ ಕೆಲಸ ತಟ್ಟನೆ ಆಗುತ್ತದೆ, ಎರಡನೆಯದು ನಿಧಾನ, ಪುಡಿಯ ಒಂದೊಂದು ಕಣವೂ ಕರಗಬೇಕು. ಮಗಳು, ನಾನು, ಅವಳಮ್ಮ ಸರದಿಯಲ್ಲಿ ಊದಿದೆವು. ಎಂಟನೇ ನಿಮಿಷದ ಹೊತ್ತಿಗೆ ಗೆರೆ ಮಸುಕಾಗಿ ಕಂಡಿತು. ಹನ್ನೆರಡಕ್ಕೆ ಸ್ಪಷ್ಟವಾಯಿತು. ಮಗಳು ಲೋಟದ ಹಿಂದೆ ತನ್ನ ಬೆರಳಿಟ್ಟು ನೋಡಿದಳು. ನಾನೇನೂ ಹೇಳಿಕೊಟ್ಟಿರಲಿಲ್ಲ.

ನಿಮ್ಮ ಮನೆಯಲ್ಲಿ ಇದಕ್ಕಿಂತ ಬೇಗವೋ ನಿಧಾನವೋ ಆಗಬಹುದು. ಆದರೆ ಮಧ್ಯೆ ಊಟಕ್ಕೆ ಏಳಬೇಡಿ. ಹೊತ್ತು ಹೋದಷ್ಟೂ ಪುಡಿಯ ಕಣಗಳು ದೊಡ್ಡದಾಗಿ ತಳಕ್ಕೆ ಕೂರುತ್ತವೆ, ಆಮೇಲೆ ಕರಗುವುದು ಕಷ್ಟ. ಇಪ್ಪತ್ತು ನಿಮಿಷವಾದರೂ ಗೆರೆ ಬಾರದಿದ್ದರೆ ತಿಳಿ ಹೆಚ್ಚಾಯಿತು ಅಂತ ಅರ್ಥ. ಲೋಟಕ್ಕೆ ಅಷ್ಟೇ ನೀರು ಸೇರಿಸಿ ಊದುವುದನ್ನು ಮುಂದುವರಿಸಿ. ನೀರು ಬೆರೆಸಿದ್ದರಿಂದಲೇ ಬಿಳುಪು ಕಡಿಮೆಯಾದಂತೆ ಕಾಣುತ್ತದೆ, ಅದಕ್ಕೆ ಮೋಸಹೋಗದೆ ಪೂರ್ತಿ ತಿಳಿಯಾಗುವವರೆಗೆ ಊದಿ.

ಊದಲು ಆಗದವರು ಮಬ್ಬಾದ ಲೋಟಕ್ಕೆ ಸಾದಾ ಸೋಡಾ ಸುರಿದು ನೋಡಬಹುದು. ಸೋಡಾದಲ್ಲಿ ತುಂಬಿರುವುದೂ ಅದೇ ಡೈಆಕ್ಸೈಡ್, ಅದೂ ಉಸಿರಿಗಿಂತ ಬಹಳ ಜಾಸ್ತಿ. ಬೇಗನೇ ತಿಳಿಯಾಗುತ್ತದೆ. ನನಗೆ ಉಸಿರಿನದೇ ಇಷ್ಟ.

ಪಕ್ಕದ ಲೋಟ ಮರೆಯಬೇಡಿ. ಅಷ್ಟು ಹೊತ್ತೂ ಅದು ತಿಳಿಯಾಗೇ ಇರುತ್ತದೆ. ಹೆಚ್ಚೆಂದರೆ ಮೇಲೆ ಒಂದು ತೆಳು ಕೆನೆ. "ಗಾಳಿ ಊದಿದ್ರೆ ಸಾಕಲ್ವಾ, ಉಸಿರೇ ಯಾಕೆ?" ಅಂತ ಮಗು ಕೇಳಿದರೆ ಸೈಕಲ್ ಪಂಪಿನಿಂದ ಆ ಲೋಟಕ್ಕೆ ಗಾಳಿ ಬಿಡಿ. ಹೊರಗಿನ ಗಾಳಿಯಲ್ಲಿ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು. ಉಸಿರಿನಲ್ಲಿರುವುದರ ನೂರನೇ ಒಂದು ಪಾಲು. ಒಂದೆರಡು ಉಸಿರಿಗೆ ಆದದ್ದಕ್ಕೆ ಪಂಪನ್ನು ಎಷ್ಟೋ ಸಲ ಒತ್ತಬೇಕು. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಸುಣ್ಣದ ತಿಳಿಯಲ್ಲಿ ಊದಿ ಕಂಡುಕೊಂಡದ್ದೂ ಇದನ್ನೇ. ನಾವು ಎಳೆದುಕೊಳ್ಳುವ ಗಾಳಿ ಬೇರೆ, ಬಿಡುವ ಗಾಳಿ ಬೇರೆ.

ಒಂದು ಮಾತು ಇಲ್ಲೇ ಹೇಳಬೇಕು. ಯಾರ ಲೋಟ ಬೇಗ ಬೆಳ್ಳಗಾಯಿತೋ ಅವರ ಶ್ವಾಸಕೋಶ ಗಟ್ಟಿ ಅಂತ ಮಕ್ಕಳು ತೀರ್ಮಾನ ಮಾಡುತ್ತಾರೆ. ಹಾಗಲ್ಲ. ಯಾರು ಎಷ್ಟು ನಿಧಾನವಾಗಿ, ಎಷ್ಟು ಹೊತ್ತು ಊದಿದರು ಅನ್ನುವುದರ ಮೇಲೆ ಅದು ನಿಂತಿದೆ. ಆರೋಗ್ಯದ ಬಗ್ಗೆ ಈ ಲೋಟ ಏನನ್ನೂ ಹೇಳುವುದಿಲ್ಲ.

ಸುಣ್ಣ ಎಲ್ಲಿಗೆ ಹೋಯಿತು

ತಿಳಿಯಾದ ಲೋಟ, ಊದದ ಲೋಟ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ. ಮೊದಲಿದ್ದ ಸುಣ್ಣದ ತಿಳಿಯೇ ವಾಪಸ್ಸು ಬಂತು ಅನ್ನಿಸುತ್ತದೆ. ಇಲ್ಲಿ ಅರಿಶಿನ ಮತ್ತೆ ಬೇಕು. ಅರಿಶಿನದ ಪುಡಿಯನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿಡಿ. ಊದದ ಲೋಟದಿಂದ ಒಂದು ಹನಿ ಇಟ್ಟರೆ ಕಾಗದ ಕೆಂಪಾಗುತ್ತದೆ. ತಿಳಿಯಾದ ಲೋಟದ ಹನಿಗೆ ಹಳದಿ ಹಳದಿಯಾಗೇ ಇರುತ್ತದೆ. ಅದರಲ್ಲಿ ಸುಣ್ಣದ ಖಾರ ಉಳಿದಿಲ್ಲ, ಬರೀ ಬೈಕಾರ್ಬನೇಟ್ ಇದೆ.

ಊದುವಾಗಲೇ ನಿಮಿಷಕ್ಕೊಂದು ಹನಿ ತೆಗೆದು ಕಾಗದದ ಮೇಲೆ ಸಾಲಾಗಿ ಇಡುತ್ತಾ ಹೋದರೆ ಇನ್ನೂ ಚೆಂದ. ಮೊದಲ ಹನಿಗಳು ಕೆಂಪು, ಆಮೇಲೆ ಕೆಂಪು ಮಾಸುತ್ತದೆ, ಕೊನೆಯ ಹನಿಗಳು ಹಳದಿ. ಬಿಳುಪು ಕಡಿಮೆಯಾಗಲು ಶುರುವಾಗುವುದು ಸುಣ್ಣದ ಖಾರ ಇಳಿದ ಮೇಲೆ ಅಂತ ಕಣ್ಣಿಗೇ ಕಾಣುತ್ತದೆ.

ಈಗ ಆ ತಿಳಿಯನ್ನು ಸಣ್ಣ ಸ್ಟೀಲ್ ಪಾತ್ರೆಗೆ ಹಾಕಿ ಕುದಿಸಿ. ದೊಡ್ಡವರೇ ಮಾಡಿ. ಕುದಿಯುತ್ತಿದ್ದ ಹಾಗೆ ನೀರು ಮತ್ತೆ ಮಬ್ಬಾಗುತ್ತದೆ. ಬಿಸಿಗೆ ಡೈಆಕ್ಸೈಡ್ ಹಾರಿಹೋಗಿ ಪುಡಿ ಹೊರಬಂತು. ಗೀಸರಿನಲ್ಲಿ, ಸ್ನಾನದ ಹಂಡೆಯಲ್ಲಿ ಗಡಸು ನೀರು ಕಾಯಿಸಿ ಕಾಯಿಸಿ ಕಟ್ಟುವ ಬಿಳಿ ಚಕ್ಕೆ ಇದೇ. ಉತ್ತರ ಕನ್ನಡದ ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಲಿಂಗದ ಹಾಗೆ ನಿಂತ ಕಲ್ಲಿದೆ. ಅಲ್ಲಿ ಬೆಂಕಿ ಇಲ್ಲ. ಮಣ್ಣಿನೊಳಗಿಂದ ಡೈಆಕ್ಸೈಡ್ ಹೊತ್ತು ಬಂದ ನೀರು ಸುಣ್ಣದ ಕಲ್ಲನ್ನು ಕರಗಿಸಿ, ಗುಹೆಯ ಗಾಳಿಗೆ ಹನಿಯಾಗಿ ಇಳಿಯುವಾಗ ಆ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಕರಗಿದ್ದು ಮತ್ತೆ ಕಲ್ಲಾಗಿ ಕೂರುತ್ತದೆ. ನಮ್ಮ ಕಡೆ ಕವಳ ಅಂದರೆ ಎಲೆ, ಅಡಿಕೆ, ಸುಣ್ಣ. ಆ ಗುಹೆಯ ಹೆಸರು ಕೇಳಿದಾಗಲೆಲ್ಲ ನನಗೆ ಅಜ್ಜಿಯ ತಟ್ಟೆ ನೆನಪಾಗುತ್ತದೆ.

ಕುದಿಸುವ ಮೊದಲು ತಿಳಿಯಾದ ನೀರನ್ನು ಸ್ವಲ್ಪ ಉಳಿಸಿಕೊಂಡು, ಲೋಟದಲ್ಲಿ ಮುಚ್ಚದೆ ಕಿಟಕಿಯ ಮೇಲಿಡಿ. ಮೂರ್ನಾಲ್ಕು ದಿನ ಬಿಟ್ಟು ನೋಡಿ. ಮೇಲೆ ಕೆನೆಯಂತೆ ಏನೋ ತೇಲುತ್ತಿರುತ್ತದೆ, ನೀರು ಇಳಿದ ಕಡೆ ಗಾಜಿಗೆ ಬಿಳಿ ಉಂಗುರ ಕಟ್ಟಿರುತ್ತದೆ. ಸಾದಾ ನೀರಿನಲ್ಲಿ ಎಷ್ಟು ಉಜ್ಜಿದರೂ ಅದು ಸುಲಭಕ್ಕೆ ಹೋಗುವುದಿಲ್ಲ. ಅರ್ಧ ಹೋಳು ನಿಂಬೆಹಣ್ಣಿನಿಂದ ತಿಕ್ಕಿ, ಹೋಗುತ್ತದೆ. ಉಳಿದ ಸುಣ್ಣದ ತಿಳಿಯನ್ನು ಜಾಸ್ತಿ ನೀರು ಬೆರೆಸಿ ಮೋರಿಗೆ ಚೆಲ್ಲಿ. ಅಥವಾ ಬಾಟಲಿಗೇ ಬಗ್ಗಿಸಿ, ಕುತ್ತಿಗೆವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ. ಮುಂದಿನ ಸಲ ತೆಗೆದಾಗ ಮೊದಲು ಅರಿಶಿನದ ಕಾಗದಕ್ಕೆ ಒಂದು ಹನಿ ಇಟ್ಟು ನೋಡಿ, ಕೆಂಪಾದರೆ ಲೋಟ ತನ್ನಿ.